ಕೆಪಾಸಿಟರಿನ ಕಾಲು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾವೊಂದು ಸಲಹೆಯನ್ನು ಕೊಟ್ಟಿದ್ದೆವು. ಸೆಲ್ಲು ಹಾಕಿದಾಗ ಚೆನ್ನಾಗಿ ಹಾಡುವ ರೇಡಿಯೋ, ಮೊಬೈಲಿನ ಅಡಾಪ್ಟರಿಗೆ ಜೋಡಿಸಿದ ಕೂಡಲೇ ಬುಸುಗುಟ್ಟಿದರೆ, 5 ವೋಲ್ಟಿನ ಧನ ಮತ್ತು ಋಣ ತಂತಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು ಬೆಸೆಯಿರಿ, ಗಲಾಟೆ ಅಡಗುತ್ತದೆ ಎಂದು. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು, ಮೈಲಾಪೂರಿನ ಮಾಡ ಬೀದಿಯ ಹಿಂದಿನ ಗಲ್ಲಿಯಲ್ಲಿ ವಾಸವಾಗಿರುವವರು, ಅದನ್ನು ಓದಿ ಮೊಮ್ಮಗನ ಕೈಯಿಂದ ಹಾಗೆಯೇ ಮಾಡಿಸಿದರಂತೆ. ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ನಮ್ಮನ್ನು ಕಂಡವರೇ, "ಏನಪ್ಪಾ, ನೀನು ಬರೆದದ್ದು ನಂಬಿ ಕಂಡೆನ್ಸರ್ ಹಾಕಿಸಿದೆ. ಬುಸುಬುಸು ಒಂದು ಚೂರೂ ಕಡಿಮೆಯಾಗಲಿಲ್ಲ. ತಿಂಗಳಿಗೆ ನಾಲ್ಕು ಸೆಲ್ಲು ತರೋದು ತಪ್ಪಲಿಲ್ಲ" ಎಂದರು. ಸುತ್ತಲೂ ಇದ್ದ ಮಹನೀಯರು ನಕ್ಕರು. ನಾವೂ ನಕ್ಕೆವು, ಆದರೆ ನಮ್ಮ ನಗೆ ಅಷ್ಟೇನೂ ಸರಾಗವಾಗಿರಲಿಲ್ಲ.

ಅಚ್ಚಾದ ಮಾತಿಗೆ ಹೊಣೆ ನಮ್ಮದೇ ಆದ್ದರಿಂದ, ಮರುವಾರ ಬೆಸುಗೆಯ ಕಡ್ಡಿಯನ್ನು ಹಿಡಿದುಕೊಂಡು ಅವರ ಮನೆಗೆ ಹೋದೆವು. ಜೊತೆಗೆ ನಮ್ಮ ಸಂಘದವರೇ ಆದ, ಹವ್ಯಾಸಿ ರೇಡಿಯೋ ಪರವಾನಗಿಯುಳ್ಳ ಮಿತ್ರರೊಬ್ಬರನ್ನೂ ಕರೆದುಕೊಂಡೆವು. ರೇಡಿಯೋ ಹಿಂದಿನ ಕೋಣೆಯ ಗೂಡಿನಲ್ಲಿತ್ತು. ಅಲ್ಲಿಗೆ ಆಕಾಶವಾಣಿಯ ಅಲೆ ಬರುವುದೇ ಸೊರಗಿಕೊಂಡು. ಆಕೆ ಕೇಳುತ್ತಿದ್ದದ್ದು 101.4 ಮೆಗಾಹರ್ಟ್ಸಿನ ಎಫ್.ಎಂ. ರೇನ್‌ಬೋ. ಮೊಮ್ಮಗ ಬೆಸೆದಿದ್ದ ಕೆಪಾಸಿಟರನ್ನು ನೋಡಿದೆವು. ರಿಚ್ಚಿ ಸ್ಟ್ರೀಟಿನಲ್ಲಿ ಕೊಂಡ ಮಾಮೂಲು ಸೆರಾಮಿಕ್ ಬಿಲ್ಲೆ, ಮೇಲೆ 104 ಎಂದು ಅಚ್ಚು. ಹತ್ತರ ಮುಂದೆ ನಾಲ್ಕು ಸೊನ್ನೆ, ಎಂದರೆ 1,00,000 ಪೈಕೋಫ್ಯಾರಡ್, ಎಂದರೆ 0.1 ಮೈಕ್ರೋಫ್ಯಾರಡ್. ಬೆಸುಗೆಯೂ ಶುದ್ಧವಾಗಿತ್ತು. ಮಿತ್ರರು ಅದನ್ನು ಬಿಚ್ಚಿ ಮೀಟರಿಗೆ ಕೊಟ್ಟರು. ಮೀಟರು 1 ಕಿಲೋಹರ್ಟ್ಸಿನಲ್ಲಿ ಅಳೆದು, ಕೆಪಾಸಿಟರು ಹೇಳಿದಷ್ಟೇ ಇದೆ ಎಂದು ಸಾಕ್ಷ್ಯ ನುಡಿಯಿತು. ವಸ್ತುವಿನಲ್ಲಿ ದೋಷವಿಲ್ಲ, ಕೆಲಸದಲ್ಲಿ ದೋಷವಿಲ್ಲ. ಹಾಗಾದರೆ ದೋಷವೆಲ್ಲಿ?

"ಅದರ ಕಾಲು ನೋಡಿ" ಎಂದರು ಮಿತ್ರರು.

ಬಿಲ್ಲೆಯ ಎರಡು ಕಾಲುಗಳೂ ತಲಾ ಒಂದು ಸೆಂಟಿಮೀಟರಿನಷ್ಟು ಉದ್ದವಾಗಿದ್ದವು. ಹುಡುಗ ಅಂದವಾಗಿ ಬಾಗಿಸಿ, ಮೇಲೆ ಪ್ಲಾಸ್ಟಿಕ್ ಕೊಳವೆಯನ್ನೂ ತೊಡಿಸಿದ್ದ. ಇದರಲ್ಲಿ ತಪ್ಪೇನೆಂದು ನಮಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಆಮೇಲೆ ಲೆಕ್ಕ ಹಾಕಿದಾಗ ಹೊಳೆಯಿತು. ಅದನ್ನೇ ಇಲ್ಲಿ ವಾಚಕರ ಮುಂದೆ ಬಿಡಿಸಿಡುತ್ತೇವೆ.

ಪುಸ್ತಕದಲ್ಲಿ ಬರೆದ ಕೆಪಾಸಿಟರಿಗೆ ಒಂದೇ ಗುಣ. ಅಂಗಡಿಯಲ್ಲಿ ಸಿಕ್ಕುವ ಕೆಪಾಸಿಟರಿಗೆ ಹಾಗಲ್ಲ. ಯಾವ ತಂತಿಯಲ್ಲಿಯೇ ಆಗಲಿ ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರವೇಳುತ್ತದೆ, ಹರಿವು ಬದಲಾದಾಗ ಆ ಕ್ಷೇತ್ರವು ಬದಲಾವಣೆಯನ್ನು ತಡೆಯುತ್ತದೆ. ಸುರುಳಿಯ ಗುಣವೆಂದು ನಾವು ಹೇಳುವ ಇಂಡಕ್ಟೆನ್ಸ್ ಇದೇ. ಅದಕ್ಕೆ ಸುರುಳಿಯೇ ಬೇಕೆಂದೇನೂ ಇಲ್ಲ. ನೆಟ್ಟನೆಯ ತಂತಿಗೂ ಅದುಂಟು. ಸ್ಥೂಲವಾಗಿ ತಂತಿಯ ಪ್ರತಿ ಮಿಲಿಮೀಟರಿಗೆ ಒಂದು ನ್ಯಾನೋಹೆನ್ರಿ ಎಂದಿಟ್ಟುಕೊಳ್ಳಬಹುದು. ಆದ್ದರಿಂದ ಆ ಹುಡುಗನು ಬೆಸೆದದ್ದು ಬರಿಯ ಕೆಪಾಸಿಟರನ್ನಲ್ಲ, 0.1 ಮೈಕ್ರೋಫ್ಯಾರಡಿನ ಕೆಪಾಸಿಟರು, ಅದರೊಂದಿಗೆ ಸಾಲಾಗಿ 20 ನ್ಯಾನೋಹೆನ್ರಿಯ ಒಂದು ಕಾಯಿಲು, ಜೊತೆಗೆ ಲೋಹದ ಅಲ್ಪಸ್ವಲ್ಪ ರೋಧ, ಈ ಮೂರನ್ನೂ ಒಟ್ಟಿಗೆ.

ಇವುಗಳಲ್ಲಿ ಮೊದಲಿನ ಎರಡಕ್ಕೆ ಹುಟ್ಟು ವೈರ. ಆವೃತ್ತಿ ಏರಿದಂತೆ ಕೆಪಾಸಿಟರಿನ ತಡೆ ಇಳಿಯುತ್ತದೆ, ಕಾಯಿಲಿನ ತಡೆ ಏರುತ್ತದೆ. ಅಷ್ಟೇ ಅಲ್ಲ, ಇವೆರಡರ ಚಿಹ್ನೆಯೂ ವಿರುದ್ಧ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಜಮಾ ಕಲಮಿನಲ್ಲಿ ಬಂದರೆ ಇನ್ನೊಂದು ಖರ್ಚಿನ ಕಲಮಿನಲ್ಲಿ. ಕೂಡಿಸುವಂತಿಲ್ಲ, ಕಳೆಯಬೇಕು. ಕೆಳಗಿನ ಆವೃತ್ತಿಗಳಲ್ಲಿ ಕೆಪಾಸಿಟರಿನ ಬಾಬತ್ತೇ ದೊಡ್ಡದು. ಕಾಲಿನ ಬಾಬತ್ತು ಚಿಲ್ಲರೆ. ಆವೃತ್ತಿ ಏರುತ್ತ ಹೋದಂತೆ ಒಂದು ಹಂತದಲ್ಲಿ ಎರಡು ಕಲಮುಗಳೂ ಸರಿದೂಗಿ, ಬಾಕಿಯಾಗಿ ರೋಧವೊಂದೇ ಉಳಿಯುತ್ತದೆ. ಆ ಆವೃತ್ತಿಯನ್ನೇ ಆ ವಸ್ತುವಿನ ಸ್ವಾನುರಣನ ಎನ್ನುತ್ತಾರೆ. ಅದರ ಸೂತ್ರ ಬಿ.ಎ. ಓದಿದ ನಮಗೂ ಅರ್ಥವಾಗುವಂತಹುದು:

f = 1 / (2π√(LC))

ಇದರಲ್ಲಿ 20 ನ್ಯಾನೋಹೆನ್ರಿ, 0.1 ಮೈಕ್ರೋಫ್ಯಾರಡ್ ಹಾಕಿದರೆ ಬರುವ ಉತ್ತರ ಸುಮಾರು 3.6 ಮೆಗಾಹರ್ಟ್ಸ್. ಆಕೆಯ ರೇಡಿಯೋ ಕೇಳುತ್ತಿದ್ದದ್ದು 101.4ರಲ್ಲಿ. ಎಂದರೆ ಕೆಪಾಸಿಟರು ತನ್ನ ಗಡಿಯನ್ನು ದಾಟಿ ಎಷ್ಟೋ ದೂರ ಬಂದಿತ್ತು. ಗಡಿ ದಾಟಿದ ಮೇಲೆ ಲೆಕ್ಕ ತಿರುಗಿ ಬೀಳುತ್ತದೆ. ಖರ್ಚಿನ ಕಲಮು ದೊಡ್ಡದಾಗುತ್ತದೆ. ಕೆಪಾಸಿಟರ್ ಎಂದು ಹೆಸರಿಟ್ಟುಕೊಂಡ ವಸ್ತು ಕಾಯಿಲಿನಂತೆ ನಡೆದುಕೊಳ್ಳುತ್ತದೆ. 101.4 ಮೆಗಾಹರ್ಟ್ಸಿನಲ್ಲಿ 0.1 ಮೈಕ್ರೋಫ್ಯಾರಡ್ ಒಡ್ಡಬೇಕಾದ ತಡೆ ಒಂದು ಓಮಿನ ಅರವತ್ತನೆಯ ಒಂದು ಭಾಗ. ಕಾಲುಗಳು ಒಡ್ಡಿದ ತಡೆ 12.7 ಓಂ. ಗಲಾಟೆಯನ್ನು ನೆಲಕ್ಕಿಳಿಸಲು ನಾವು ಹೆದ್ದಾರಿ ಮಾಡಿಕೊಟ್ಟೆವೆಂದು ತಿಳಿದಿದ್ದೆವು; ಮಾಡಿಕೊಟ್ಟದ್ದು ಸಂದಿ.

ನಮ್ಮ ಹಳೆಯ ಸಲಹೆ ಪೂರ್ತಿ ಸುಳ್ಳೇ? ಅಲ್ಲ. ಅದು ಬೇರೊಂದು ಕಾಲದ ಸತ್ಯ. ಆಕಾಶವಾಣಿಯ ಮದರಾಸ್ ಕೇಂದ್ರ 1938ರಲ್ಲಿ ಆರಂಭವಾಯಿತು. ಅದರ 'ಎ' ಪ್ರಸಾರವನ್ನು ನಮ್ಮ ಹಿರಿಯರು ಮೀಡಿಯಂ ವೇವಿನ 720 ಕಿಲೋಹರ್ಟ್ಸಿನಲ್ಲಿ ಹುಡುಕಿ ಕೇಳುತ್ತಿದ್ದರು. ಆ ಆವೃತ್ತಿಯಲ್ಲಿ ಅದೇ ಕೆಪಾಸಿಟರಿನ ತಡೆ 2.2 ಓಂ, ಅದೇ ಉದ್ದನೆಯ ಕಾಲುಗಳದು ಒಂದು ಓಮಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಕಾಲು ಇದ್ದರೇನು, ಬಿಟ್ಟರೇನು? ಕವಾಟದ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರಿಂದ ನಾವು ಕಲಿತ ಪಾಠ ಅದು. ಆವೃತ್ತಿ ನೂರ ನಲವತ್ತು ಪಟ್ಟು ಏರಿದರೂ ಪಾಠವನ್ನು ಬದಲಾಯಿಸದೆ ಅಚ್ಚು ಹಾಕಿಸಿದ್ದು ನಮ್ಮ ತಪ್ಪು.

ಮಿತ್ರರು ಮೊದಲು ಕಾಲು ಕತ್ತರಿಸಿದರು. ಬಿಲ್ಲೆಯ ಬುಡಕ್ಕೆ ತಲಾ ಎರಡೂವರೆ ಮಿಲಿಮೀಟರು ಮಾತ್ರ ಉಳಿಸಿ, ರೇಡಿಯೋ ಒಳಗಡೆ ಸಾಕೆಟ್ಟಿನ ಕಾಲುಗಳಿಗೇ ನೇರವಾಗಿ ಬೆಸೆದರು. ಈಗ ಇಂಡಕ್ಟೆನ್ಸ್ ಸುಮಾರು 5 ನ್ಯಾನೋಹೆನ್ರಿ. ತಡೆ 12.7ರಿಂದ 3.2 ಓಮಿಗೆ ಇಳಿಯಿತು. ಬುಸುಗುಟ್ಟುವುದು ಸ್ವಲ್ಪ ತಗ್ಗಿತು. "ಈಗ ಮಾತು ಗೊತ್ತಾಗತ್ತೆ" ಎಂದರು ಆಕೆ. ಕೆಪಾಸಿಟರು ಇನ್ನೂ ಗಡಿಯ ಆಚೆಯೇ ಇದೆ, ಕಾಯಿಲಾಗಿಯೇ ಇದೆ ಎಂಬುದನ್ನು ವಾಚಕರು ಗಮನಿಸಬೇಕು. ಗಡಿ ದಾಟಿದ ಕೂಡಲೇ ಕೆಪಾಸಿಟರು ಕೆಲಸಕ್ಕೆ ಬಾರದು ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ತಡೆ ಕಡಿಮೆಯಿದ್ದರೆ ಅದು ಯಾವ ಚಿಹ್ನೆಯದಾದರೂ ಗಲಾಟೆ ಇಳಿಯುತ್ತದೆ. ನೇರ ವಿದ್ಯುತ್ತನ್ನಂತೂ ಅದು ಎಂದಿನಂತೆ ತಡೆದೇ ಇರುತ್ತದೆ. ಬದಲಾಗುವುದೇನೆಂದರೆ, ಗಡಿಯ ಆಚೆ ಕೆಪಾಸಿಟರಿನ ಬೆಲೆಗೆ ಬೆಲೆಯಿಲ್ಲ. ಅಲ್ಲಿ 0.1 ಹಾಕಿದರೂ ಅದರ ಹತ್ತರಷ್ಟು ಹಾಕಿದರೂ ತಡೆ ಅಷ್ಟೇ, ಏಕೆಂದರೆ ತಡೆಯನ್ನು ನಿರ್ಣಯಿಸುವುದು ಕಾಲಿನ ಉದ್ದ. ಬುಸುಗುಟ್ಟುವಿಕೆ ಹೋಗದೆ ಇದ್ದಾಗ ಇನ್ನೂ ದೊಡ್ಡ ಕೆಪಾಸಿಟರು ಹಾಕುವವರು ದುಡ್ಡನ್ನು ಸುಮ್ಮನೆ ಕಳೆಯುತ್ತಾರೆ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಆದರೆ ನಮಗೆ ಹುರುಪು ಬಂದಿತ್ತು. ದೊಡ್ಡದು ಬೇಡವಾದರೆ ಸಣ್ಣದನ್ನು ಪಕ್ಕದಲ್ಲಿ ಹಾಕೋಣ, ಸಣ್ಣದರ ಗಡಿ ಮೇಲಿರುತ್ತದಲ್ಲ ಎಂದು, ಜೇಬಿನಲ್ಲಿದ್ದ 221 ಅಚ್ಚಿನ ಪೊಟ್ಟಣದಿಂದ ಒಂದನ್ನು ತೆಗೆದು, ಗಿಡ್ಡ ಕಾಲಿನಿಂದಲೇ 104ರ ಪಕ್ಕದಲ್ಲಿ ಬೆಸೆದೆವು. 220 ಪೈಕೋಫ್ಯಾರಡ್. ಮಿತ್ರರು ಆಗ ಕಾಫಿ ಕುಡಿಯುತ್ತಿದ್ದರು. ರೇಡಿಯೋ ಹಾಕಿದೆವು. ಬುಸುಗುಟ್ಟುವಿಕೆ ಮೊದಲಿಗಿಂತಲೂ ಜೋರಾಯಿತು! ಆಕೆ ಏನೂ ಹೇಳಲಿಲ್ಲ. ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿಕೊಂಡರು, ಅಷ್ಟೆ.

ಎರಡು ದಾರಿ ತೆರೆದರೆ ಒಂದಕ್ಕಿಂತ ಕಡಿಮೆ ನೀರು ಹರಿಯುವುದುಂಟೆ? ಉಂಟು. ಕಾರಣವನ್ನು ಮಿತ್ರರು ಲೋಟ ಕೆಳಗಿಟ್ಟು ವಿವರಿಸಿದರು. 101.4ರಲ್ಲಿ 104 ಎಂಬುದು ಗಡಿಯ ಆಚೆಯದು, ಆದ್ದರಿಂದ ಕಾಯಿಲು. 221ರ ಗಡಿ, 5 ನ್ಯಾನೋಹೆನ್ರಿಯ ಕಾಲಿನಲ್ಲಿ, ಸುಮಾರು 152 ಮೆಗಾಹರ್ಟ್ಸ್, ಆದ್ದರಿಂದ 101.4ರಲ್ಲಿ ಅದು ಇನ್ನೂ ನಿಜವಾದ ಕೆಪಾಸಿಟರು. ಕಾಯಿಲೊಂದು, ಕೆಪಾಸಿಟರೊಂದು, ಎರಡೂ ಅಕ್ಕಪಕ್ಕ. ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ಇಡುವ ಜೋಡಿಯೇ ಇದಲ್ಲವೆ! ಹೀಗೆ ಅಕ್ಕಪಕ್ಕದಲ್ಲಿದ್ದಾಗ ಒಂದರಿಂದ ಹೊರಟ ವಿದ್ಯುತ್ತು ಇನ್ನೊಂದಕ್ಕೆ ಹೋಗಿ, ಮತ್ತೆ ಹಿಂದಿರುಗಿ, ಎರಡೂ ತಮ್ಮತಮ್ಮಲ್ಲೇ ಚೆಂಡಾಡುತ್ತಿರುತ್ತವೆ. ಹೊರಗಿನಿಂದ ಬಂದ ಗಲಾಟೆಗೆ ಬಾಗಿಲು ಮುಚ್ಚಿದಂತಾಗುತ್ತದೆ. ಈ ಜೋಡಿಯ ಅನುರಣನ ಎರಡೂ ಕಾಲುಜೋಡಿಗಳ ಒಟ್ಟು 10 ನ್ಯಾನೋಹೆನ್ರಿ ಮತ್ತು 220 ಪೈಕೋಫ್ಯಾರಡುಗಳಿಂದ 107 ಮೆಗಾಹರ್ಟ್ಸಿನಲ್ಲಿ ಬೀಳುತ್ತದೆ, ಎಫ್.ಎಂ. ಪಟ್ಟಿಯ ಒಳಗೇ. ಅದರ ಸಮೀಪವೇ ಇರುವ 101.4ರಲ್ಲಿ ತಡೆ 3.2ರಿಂದ 16 ಓಮಿಗೆ ಏರಿಬಿಟ್ಟಿತ್ತು. ಉದ್ದನೆಯ ಕಾಲಿನ 104 ಒಂದೇ ಇದ್ದಾಗಿನ 12.7ಕ್ಕಿಂತಲೂ ಕೆಟ್ಟದು.

221ನ್ನು ಕಿತ್ತು 471ನ್ನು ಹಾಕಿದೆವು. 470 ಪೈಕೋಫ್ಯಾರಡ್, 5 ನ್ಯಾನೋಹೆನ್ರಿ: ಗಡಿ ಸುಮಾರು 104 ಮೆಗಾಹರ್ಟ್ಸ್. 101.4ರಲ್ಲಿ ಜಮಾ 3.3, ಖರ್ಚು 3.2, ಬಾಕಿ, ರೋಧವನ್ನೂ ಸೇರಿಸಿ, ಒಂದು ಓಮಿನ ಐದನೆಯ ಒಂದು ಭಾಗದಷ್ಟು. 104ಕ್ಕೂ ಇದಕ್ಕೂ ನಡೆಯುವ ಚೆಂಡಾಟ 73 ಮೆಗಾಹರ್ಟ್ಸಿಗೆ ಸರಿದುಹೋಯಿತು; ಅಲ್ಲಿ ಆಕೆಗೆ ಕೇಳಬೇಕಾದದ್ದು ಏನೂ ಇಲ್ಲ. ಇನ್ನೂರು ಪಟ್ಟಿಗೂ ಹೆಚ್ಚು ದೊಡ್ಡದಾದ 104 ಮಾಡಲಾಗದ ಕೆಲಸವನ್ನು ಈ ಮೆಂತ್ಯದ ಕಾಳಿನಂತಹ ಬಿಲ್ಲೆ ಮಾಡಿತು. ಆದರೆ ಇದೇ ಅಂಕಿಯನ್ನು ಅಕ್ಷರಶಃ ನಂಬಬಾರದು. ಬಿಲ್ಲೆಯ ಬೆಲೆ ಅಚ್ಚಿಗಿಂತ ನೂರಕ್ಕೆ ಹತ್ತು ಆಚೀಚೆ ಇದ್ದರೆ ಗಡಿ ಐದು ಮೆಗಾಹರ್ಟ್ಸು ಆಚೀಚೆ ಹೋಗುತ್ತದೆ. ಕಾಲು ಒಂದು ಮಿಲಿಮೀಟರು ಹೆಚ್ಚಾದರೂ ಅದೇ ಗತಿ.

ಆದ್ದರಿಂದ ಮಿತ್ರರು ಅಳೆದು ನೋಡದೆ ಬಿಡುವವರಲ್ಲ. ಅವರ ಬಳಿ ಗ್ರಿಡ್ ಡಿಪ್ ಮೀಟರೊಂದಿದೆ, ಅವರ ಗುರುಗಳು ಕೊಟ್ಟದ್ದು. ಕೆಪಾಸಿಟರಿನ ಕಾಲುಗಳನ್ನು ಬೇಕಾದಷ್ಟಕ್ಕೆ ಕತ್ತರಿಸಿ ತುದಿಗಳನ್ನು ಒಂದಕ್ಕೊಂದು ಬೆಸೆದರೆ ಒಂದು ಪುಟ್ಟ ಉಂಗುರವಾಗುತ್ತದೆ. ಮೀಟರಿನ ಸುರುಳಿಯನ್ನು ಅದರ ಹತ್ತಿರ ಹಿಡಿದು ಡಯಲನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ, ಒಂದೆಡೆ ಮುಳ್ಳು ಥಟ್ಟನೆ ಕೆಳಗೆ ಕುಸಿಯುತ್ತದೆ. ಅದೇ ಗಡಿ. ಈಗಿನ ಹುಡುಗರು ಅಂಗೈಯಗಲದ ನ್ಯಾನೋ ವಿ.ಎನ್.ಎ. ಎಂಬ ಯಂತ್ರದ ತೆರೆಯ ಮೇಲೆ ಇದನ್ನೇ ಗೆರೆಯಾಗಿ ನೋಡುತ್ತಾರೆ. ತಡೆ ಇಳಿಯುತ್ತ ಬಂದು, ತಳ ಮುಟ್ಟಿ, ಮತ್ತೆ ಏರುತ್ತದೆ. ತಳದಲ್ಲಿಯೇ ಕೋನ ಋಣ 90ರ ಕಡೆಯಿಂದ ಧನ 90ರ ಕಡೆಗೆ ನೆಗೆಯುತ್ತದೆ. 1 ಕಿಲೋಹರ್ಟ್ಸಿನ ಮೀಟರಿಗೆ ಇದೊಂದೂ ಕಾಣದು.

ಇನ್ನೂ ಒಂದಿಷ್ಟು ಬುಸುಗುಟ್ಟುವಿಕೆ ಉಳಿದಿತ್ತು. ಗಲಾಟೆಯನ್ನು ನೆಲಕ್ಕಿಳಿಸಿದ್ದಾಯಿತು, ಬರುವ ದಾರಿಯಲ್ಲಿಯೇ ತಡೆಯೋಣವೆಂದು ಧನ ತಂತಿಯಲ್ಲಿ ಚೋಕೊಂದನ್ನು ಸಾಲಾಗಿ ಹಾಕುವ ಯೋಚನೆ ಬಂತು. ನಮ್ಮ ಬಳಿ 100 ಮೈಕ್ರೋಹೆನ್ರಿಯದೊಂದು, 1 ಮೈಕ್ರೋಹೆನ್ರಿಯದೊಂದು ಇದ್ದವು. ಈ ಸಲ ಬುದ್ಧಿ ಕಲಿತಿದ್ದ ನಾವು ದೊಡ್ಡದಕ್ಕೆ ಕೈ ಹಾಕಲಿಲ್ಲ, ಏಕೆಂದು ಕೇಳಿದೆವು.

ಕಾಯಿಲಿನ ಕಥೆ ಕೆಪಾಸಿಟರಿನದರ ಕನ್ನಡಿಬಿಂಬ. ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಎನಾಮಲಿನ ತೆಳುವಾದ ಪದರ. ಎರಡು ಲೋಹ, ನಡುವೆ ವಿದ್ಯುತ್ತು ಹರಿಯದ ವಸ್ತು, ಎರಡಕ್ಕೂ ವೋಲ್ಟೇಜಿನಲ್ಲಿ ವ್ಯತ್ಯಾಸ: ಇದೇ ಕೆಪಾಸಿಟರು. ಸುತ್ತು ಸುತ್ತಿಗೂ ಇಂತಹುದೊಂದು ಇದ್ದು, ಎಲ್ಲ ಸೇರಿ ಕಾಯಿಲಿನ ಪಕ್ಕದಲ್ಲಿ ಒಂದು ಕಳ್ಳದಾರಿಯಾಗುತ್ತದೆ. ಇಲ್ಲಿ ಎರಡೂ ಅಕ್ಕಪಕ್ಕದಲ್ಲಿರುವುದರಿಂದ ಗಡಿಯಲ್ಲಿ ತಡೆ ತಳಕ್ಕಿಳಿಯುವುದಿಲ್ಲ, ಶಿಖರಕ್ಕೇರುತ್ತದೆ. ಮೇಲೆ ಹೇಳಿದ ಚೆಂಡಾಟವೇ ಇದು, ಆದರೆ ಇಲ್ಲಿ ಅದು ನಮಗೆ ಅನುಕೂಲ. ಗಡಿ ದಾಟಿದ ಮೇಲೆ ಅಲೆ ಸುರುಳಿಯನ್ನು ಸುತ್ತುವ ಗೋಜಿಗೇ ಹೋಗದೆ ಕಳ್ಳದಾರಿಯಲ್ಲಿ ಹಾರಿಹೋಗುತ್ತದೆ.

100 ಮೈಕ್ರೋಹೆನ್ರಿಯ ಚೋಕಿಗೆ ಸುತ್ತು ಹೆಚ್ಚು. ಕಳ್ಳದಾರಿ ಸುಮಾರು 10 ಪೈಕೋಫ್ಯಾರಡ್ ಎಂದಿಟ್ಟುಕೊಂಡರೆ ಅದರ ಗಡಿ 5 ಮೆಗಾಹರ್ಟ್ಸ್. 101.4ರಲ್ಲಿ ಪುಸ್ತಕದ ಪ್ರಕಾರ ಅದು ಅರುವತ್ತಮೂರು ಸಾವಿರ ಓಮಿಗೂ ಮೀರಿ ತಡೆಯಬೇಕು. ನಿಜವಾಗಿ ತಡೆಯುವುದು 157 ಓಂ. 1 ಮೈಕ್ರೋಹೆನ್ರಿಯದಕ್ಕೆ ಸುತ್ತು ಕಡಿಮೆ, ಕಳ್ಳದಾರಿ 1 ಪೈಕೋಫ್ಯಾರಡ್, ಗಡಿ 159 ಮೆಗಾಹರ್ಟ್ಸ್. ಪುಸ್ತಕದ ಪ್ರಕಾರ ಅದು ತಡೆಯಬೇಕಾದದ್ದು 637 ಓಂ. ಶಿಖರವನ್ನು ಏರುವ ಹಾದಿಯಲ್ಲಿರುವುದರಿಂದ ತಡೆಯುವುದು ಸಾವಿರಕ್ಕೂ ಮೇಲೆ. ನೂರರಲ್ಲಿ ಒಂದು ಪಾಲಿನ ಚೋಕು ಆರು ಪಟ್ಟಿಗೂ ಮಿಗಿಲಾಗಿ ತಡೆಯಿತು. ಹೀಗೆ ಪುಸ್ತಕಕ್ಕಿಂತ ಹೆಚ್ಚಾಗುವುದು ಚೋಕಿನ ಕೆಲಸಕ್ಕೆ ಲಾಭ. ಸ್ಟೇಷನ್ ಹಿಡಿಯುವ ಮಂಡಲದಲ್ಲಾದರೆ ನಷ್ಟ. ಗಡಿಯ ಅರ್ಧದಷ್ಟು ಆವೃತ್ತಿಯಲ್ಲಿಯೇ ಕಾಯಿಲಾಗಲಿ ಕೆಪಾಸಿಟರಾಗಲಿ ತನ್ನ ಅಚ್ಚಾದ ಬೆಲೆಗಿಂತ ಮೂರನೆಯ ಒಂದು ಭಾಗ ಹೆಚ್ಚಾಗಿ ತೋರುತ್ತದೆ; ಲೆಕ್ಕ ಹಾಕಿ ಕಟ್ಟಿದ ರೇಡಿಯೋ ಸ್ಟೇಷನ್ನನ್ನು ಬೇರೆ ಅಂಕಿಯಲ್ಲಿ ಹಿಡಿದು ಕಟ್ಟಿದವನನ್ನು ತಬ್ಬಿಬ್ಬು ಮಾಡುವುದು ಹೀಗೆಯೇ.

ಸಣ್ಣ ಚೋಕನ್ನೇ ಹಾಕಿದೆವು. ರೇಡಿಯೋ ಸೆಲ್ಲಿನಲ್ಲಿದ್ದಂತೆಯೇ ಆಯಿತೆಂದು ಬರೆಯಲು ಆಸೆಯಿದೆ, ಆದರೆ ಆಗಲಿಲ್ಲ. ಅಡಾಪ್ಟರಿನ ಗಲಾಟೆಯಲ್ಲಿ ಒಂದು ಪಾಲು ಎರಡು ತಂತಿಗಳಲ್ಲೂ ಒಟ್ಟೊಟ್ಟಿಗೆ, ಒಂದೇ ದಿಕ್ಕಿನಲ್ಲಿ ಬರುತ್ತದೆ. ತಂತಿಗಳ ನಡುವೆ ಹಾಕಿದ ಕೆಪಾಸಿಟರಿಗೆ ಅದು ಕಾಣುವುದೇ ಇಲ್ಲ. ಅದಕ್ಕಾಗಿ ಅಡಾಪ್ಟರಿನ ಇಡೀ ತಂತಿಯನ್ನು ಫೆರೈಟ್ ಬಳೆಯೊಂದರೊಳಗೆ ಮೂರು ಸುತ್ತು ಸುತ್ತಿದೆವು. ಹತ್ತು ಸುತ್ತೇಕೆ ಬೇಡ ಎಂದು ಮೊಮ್ಮಗ ಕೇಳಿದ. ಬಂದ ತುದಿಯೂ ಹೋಗುವ ತುದಿಯೂ ಒಂದರ ಮೇಲೊಂದು ಬಿದ್ದು ಮತ್ತೆ ಕಳ್ಳದಾರಿಯಾಗುತ್ತದೆ ಎಂದು ಅಜ್ಜಿಯೇ ಉತ್ತರ ಹೇಳಿಬಿಟ್ಟರು. ನಾವು ಮಿತ್ರರ ಮುಖ ನೋಡಿದೆವು, ಮಿತ್ರರು ನಮ್ಮ ಮುಖ ನೋಡಿದರು.

ಈಗ ಕಿವಿಯನ್ನು ಹತ್ತಿರ ತಂದರೆ ಮಾತ್ರ ಸಣ್ಣಗೆ ಬುಸ್ ಎನ್ನುತ್ತದೆ. ಸೆಲ್ಲಿನ ಖರ್ಚು ನಿಂತಿದೆಯಂತೆ. ಕಳೆದ ಸಂಚಿಕೆಯನ್ನು ಓದಿ ಬೆಸೆದ ಉಳಿದ ವಾಚಕರು ದಯವಿಟ್ಟು ಅಡಾಪ್ಟರನ್ನು ಗೋಡೆಯಿಂದ ಕಿತ್ತಿಟ್ಟು, 104ರ ಕಾಲನ್ನು ಕತ್ತರಿಸಿ, ಪಕ್ಕದಲ್ಲಿ 471 ಹಾಕಿಕೊಳ್ಳತಕ್ಕದ್ದು. ಇದೆಲ್ಲವೂ 5 ವೋಲ್ಟಿನ ಕಡೆ ಮಾತ್ರ. ಗೋಡೆಯ ವಿದ್ಯುತ್ತಿನ ಕಡೆ ಕೈ ಹಾಕಬಾರದು.

221ರ ಪೊಟ್ಟಣವನ್ನು ಮಿತ್ರರು ಕೇಳಿ ತೆಗೆದುಕೊಂಡರು. ಅವರು ಮಾತನಾಡುವ ಹವ್ಯಾಸಿ ಪಟ್ಟಿ 144ರಿಂದ 146 ಮೆಗಾಹರ್ಟ್ಸ್. ಕಾಲನ್ನು ಇನ್ನು ಅರ್ಧ ಮಿಲಿಮೀಟರು ಉದ್ದ ಬಿಟ್ಟರೆ 221ರ ಗಡಿ ಸರಿಯಾಗಿ 145ಕ್ಕೆ ಬಂದು ಕೂರುತ್ತದಂತೆ.